ಲೋಲಕದ ಕೋಷ್ಟಕದಲ್ಲಿ ಒಂದು ಸೊನ್ನೆಯ ಬೆಲೆ

ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗದಲ್ಲಿ ಅಳೆಯುವುದು ಎರಡನ್ನೇ: ಲೋಲಕದ ಉದ್ದ ಮತ್ತು 20 ಆಂದೋಲನಗಳಿಗೆ ಹಿಡಿಯುವ ಕಾಲ. ಉದ್ದ ಅಳೆಯುವ ಸ್ಕೇಲಿನ ಅತಿ ಚಿಕ್ಕ ಗೆರೆ 1 ಮಿ.ಮೀ., ಅಂದರೆ 0.1 ಸೆಂ.ಮೀ. ನಿಲುಗಡಿಯಾರವೂ 0.1 ಸೆಕೆಂಡಿನವರೆಗೆ ತೋರಿಸುತ್ತದೆ ಎಂದಿಟ್ಟುಕೊಂಡರೆ ಕೋಷ್ಟಕ ಹೀಗಿರುತ್ತದೆ. ಇಲ್ಲಿ t ಎಂಬುದು 20 ಆಂದೋಲನಗಳ ಕಾಲ, T ಎಂಬುದು ಒಂದು ಆಂದೋಲನದ ಕಾಲ.

| L / cm | t₁ / s | t₂ / s | ಸರಾಸರಿ t / s | T / s | T² / s² |
|---|---|---|---|---|---|
| 60.0 | 31.1 | 31.3 | 31.2 | 1.56 | 2.43 |
| 80.0 | 35.9 | 36.1 | 36.0 | 1.80 | 3.24 |
| 100.0 | 40.1 | 40.3 | 40.2 | 2.01 | 4.04 |

ತಲೆಸಾಲಿನ ಓರೆಗೆರೆ ನಿಜವಾದ ಭಾಗಾಕಾರವೇ. 80.0 cm ಅನ್ನು cm ನಿಂದ ಭಾಗಿಸಿದರೆ ಉಳಿಯುವುದು 80.0 ಎಂಬ ಬರಿಯ ಸಂಖ್ಯೆ. ಆದ್ದರಿಂದ ಕೆಳಗಿನ ಯಾವ ಮನೆಯಲ್ಲೂ ಏಕಮಾನ ಬರೆಯಬೇಕಿಲ್ಲ. ಏಕಮಾನವನ್ನು ಕಂಸದಲ್ಲಿ ಬರೆಯುವ ರೂಢಿಯೂ ಇದೆ, ಅದೂ ಸರಿಯೇ. ಹೆಚ್ಚಾಗಿ ತಪ್ಪುವುದು ಕೊನೆಯ ಕಾಲಂನಲ್ಲಿ: ಕಾಲವನ್ನು ವರ್ಗ ಮಾಡಿದ ಮೇಲೆ ಏಕಮಾನವೂ s² ಆಗುತ್ತದೆ ಎಂಬುದು ಮರೆತುಹೋಗುತ್ತದೆ.

ಇನ್ನು ಅಂಕಿಗಳ ವಿಷಯ. ಉದ್ದದ ಕಾಲಂನಲ್ಲಿ 80 ಎಂದಷ್ಟೇ ಬರೆದರೆ ಮಿಲಿಮೀಟರ್ ಗೆರೆಯನ್ನು ನೋಡಿದ್ದರೋ ಇಲ್ಲವೋ ತಿಳಿಯುವುದಿಲ್ಲ. 80.0 ಎಂಬುದರ ಸೊನ್ನೆ ಸ್ಕೇಲಿನಲ್ಲಿ ಕಂಡು ಬರೆದದ್ದು, ಅದಕ್ಕೂ ಬೆಲೆಯಿದೆ. ಗಮನಿಸಿದರೆ 80.0 ರಲ್ಲಿ ಮೂರು ಸಾರ್ಥಕ ಅಂಕಿಗಳಿವೆ, 100.0 ರಲ್ಲಿ ನಾಲ್ಕು. ಇದು ಅಸಂಗತವಲ್ಲ. ಒಂದೇ ಉಪಕರಣದಿಂದ ಅಳೆದ ಕಾಲಂನಲ್ಲಿ ಒಂದೇ ಆಗಿರಬೇಕಾದದ್ದು ದಶಾಂಶ ಬಿಂದುವಿನ ನಂತರದ ಸ್ಥಾನಗಳು. ಎಲ್ಲೆಡೆ ಮೂರೇ ಅಂಕಿ ಇರಲೆಂದು 100.0 ಅನ್ನು 100 ಮಾಡುವುದೆಂದರೆ ಅಳತೆಯನ್ನೇ ಅಳಿಸಿಹಾಕಿದಂತೆ.

ಲೆಕ್ಕ ಹಾಕಿ ಬಂದ ಕಾಲಂಗಳಿಗೆ ನಿಯಮ ಬೇರೆ. ಅಲ್ಲಿ ಅಳತೆಗಳಲ್ಲಿ ಅತಿ ಕಡಿಮೆ ಎಷ್ಟು ಸಾರ್ಥಕ ಅಂಕಿಗಳಿವೆಯೋ ಫಲಿತಾಂಶಕ್ಕೂ ಅಷ್ಟೇ. 36.0 ಅನ್ನು 20 ರಿಂದ ಭಾಗಿಸಿದರೆ ಕ್ಯಾಲ್ಕುಲೇಟರ್ 1.8 ತೋರಿಸುತ್ತದೆ, ಬರೆಯಬೇಕಾದದ್ದು 1.80. ಇಲ್ಲಿನ 20 ಅಳತೆಯಲ್ಲ, ಎಣಿಕೆ. ಅದರಲ್ಲಿ ಸಂದೇಹವಿಲ್ಲದ ಕಾರಣ ಅದು ಅಂಕಿಗಳನ್ನು ಕಡಿಮೆ ಮಾಡುವುದಿಲ್ಲ. ಇಪ್ಪತ್ತು ಆಂದೋಲನ ಎಣಿಸುವುದರ ಲಾಭವೂ ಇಲ್ಲೇ ಇದೆ: ಗುಂಡಿ ಒತ್ತುವಾಗ 0.1 ಸೆಕೆಂಡ್ ತಪ್ಪಿದರೂ ಒಂದು ಆಂದೋಲನದ ಪಾಲಿಗೆ ಬರುವುದು 0.005 ಸೆಕೆಂಡ್ ಮಾತ್ರ. ಡಿಜಿಟಲ್ ಗಡಿಯಾರ ನೂರನೇ ಒಂದು ಸೆಕೆಂಡ್ ತೋರಿಸಿದರೂ ಬೆರಳು ಅಷ್ಟು ಚುರುಕಲ್ಲ, ಆದ್ದರಿಂದ ಆ ಕೊನೆಯ ಅಂಕಿಯನ್ನು ನೆಚ್ಚುವಂತಿಲ್ಲ.

ಎರಡನೇ ಸಾಲಿನಿಂದ g = 4π²L/T² ಲೆಕ್ಕ ಹಾಕುವಾಗ ಉದ್ದವನ್ನು 0.800 m ಎಂದು ತೆಗೆದುಕೊಳ್ಳಬೇಕು. ಕ್ಯಾಲ್ಕುಲೇಟರಿನಲ್ಲಿ 9.747757 ಬರುತ್ತದೆ, ಬರೆಯಬೇಕಾದದ್ದು 9.75 m/s². ಬೆಂಗಳೂರಿನಲ್ಲಿ ಇದರ ಬೆಲೆ ಸುಮಾರು 9.78. ಉತ್ತರ 975 ಎಂದು ಬಂದರೆ ಲೋಲಕದ ತಪ್ಪು ಹುಡುಕುವ ಮೊದಲು ಉದ್ದದ ತಲೆಸಾಲನ್ನು ನೋಡಬೇಕು; ಅಲ್ಲಿರುವ cm ಅನ್ನು ಮೀಟರಿಗೆ ಬದಲಿಸದೆ ಬಿಟ್ಟಿರುತ್ತದೆ.