ನಾಲ್ಕು ಸಂಪರ್ಕದ ಪಿನ್, ಮೂರು ಸಂಪರ್ಕದ ಜ್ಯಾಕ್

ಮೊಬೈಲ್ ಫೋನಿನ ಹೆಡ್‌ಸೆಟ್‌ಗೆ 4 ಸಂಪರ್ಕಗಳು ಬೇಕು: ಎಡ ಕಿವಿಗೆ ಒಂದು, ಬಲ ಕಿವಿಗೆ ಒಂದು, ಮೈಕ್‌ಗೆ ಒಂದು, ಈ ಮೂರಕ್ಕೂ ಸಾಮಾನ್ಯವಾದ ಗ್ರೌಂಡ್ ಒಂದು. ಹೆಚ್ಚಿನ ಡೆಸ್ಕ್‌ಟಾಪ್‌ಗಳ ಹಸಿರು ಜ್ಯಾಕ್‌ನಲ್ಲಿರುವುದು 3. ಮೈಕ್‌ಗೆ ಅಲ್ಲಿ ಜಾಗವೇ ಇಲ್ಲ. ಫೋನಿನಲ್ಲಿ ಸರಿಯಾಗಿ ಮಾತಾಡಿದ ಹೆಡ್‌ಸೆಟ್ ಡೆಸ್ಕ್‌ಟಾಪ್‌ನಲ್ಲಿ ಹಾಡು ಕೇಳಿಸಿ, ನಮ್ಮ ಮಾತನ್ನು ಮಾತ್ರ ದಾಟಿಸದಿರುವುದು ಇದರಿಂದ.

ಎರಡೂ ಬಗೆಯ ಪಿನ್ನಿನ ವ್ಯಾಸ 3.5 ಮಿ.ಮೀ., ಉದ್ದ ಸುಮಾರು 14 ಮಿ.ಮೀ. ವ್ಯತ್ಯಾಸವಿರುವುದು ಲೋಹದ ಭಾಗಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಗೆರೆಗಳಲ್ಲಿ. 2 ಗೆರೆಗಳಿದ್ದರೆ ಲೋಹದ ಭಾಗ 3, ಇದು ಟಿಆರ್‌ಎಸ್. 3 ಗೆರೆಗಳಿದ್ದರೆ ಭಾಗ 4, ಇದು ಟಿಆರ್‌ಆರ್‌ಎಸ್. ತುದಿ ಎಡ ಕಿವಿಗೆ, ಅದರ ಮುಂದಿನ ಭಾಗ ಬಲ ಕಿವಿಗೆ ಎಂಬುದು ಎರಡರಲ್ಲೂ ಒಂದೇ. ಟಿಆರ್‌ಎಸ್‌ನಲ್ಲಿ ಉಳಿದದ್ದೆಲ್ಲ ಗ್ರೌಂಡ್. ಟಿಆರ್‌ಆರ್‌ಎಸ್‌ನಲ್ಲಿ ಅದೇ ಜಾಗವನ್ನು ಎರಡಾಗಿ ಸೀಳಿದ್ದಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ಸಿಟಿಐಎ ಜೋಡಣೆಯಲ್ಲಿ 3ನೆಯ ಭಾಗ ಗ್ರೌಂಡ್, ಬುಡದ 4ನೆಯದು ಮೈಕ್. ಹಳೆಯ ಓಎಂಟಿಪಿ ಜೋಡಣೆಯಲ್ಲಿ ಈ ಎರಡು ಅದಲುಬದಲಾಗಿರುತ್ತವೆ.

ಡೆಸ್ಕ್‌ಟಾಪ್‌ನಲ್ಲಿ ಒಟ್ಟು ಸಂಪರ್ಕಗಳಿಗೆ ಕೊರತೆಯಿಲ್ಲ. ಅವು 2 ಜ್ಯಾಕ್‌ಗಳಲ್ಲಿ ಹಂಚಿಹೋಗಿವೆ. ಹಸಿರಿನಲ್ಲಿ 3, ಗುಲಾಬಿಯಲ್ಲಿ 3. ಧ್ವನಿ ಹೊರಬರುವುದಕ್ಕೆ ಹಸಿರು, ಮೈಕ್‌ಗೆ ಗುಲಾಬಿ ಎಂಬ ಬಣ್ಣಗಳನ್ನು ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ‘ಪಿಸಿ 99’ ಮಾರ್ಗಸೂಚಿ ನಿಗದಿ ಮಾಡಿತು. ಹಾಗೆಂದು ಫೋನ್ ಹೆಡ್‌ಸೆಟ್‌ನ ಪಿನ್ನನ್ನು ಗುಲಾಬಿಗೆ ಚುಚ್ಚಿದರೂ ಫಲವಿಲ್ಲ. ಅಲ್ಲಿ ಕಂಪ್ಯೂಟರ್ ಮೈಕ್‌ನ ಸಂಕೇತವನ್ನು ಪಿನ್ನಿನ ತುದಿಯಲ್ಲಿ ಹುಡುಕುತ್ತದೆ, ತುದಿಯಲ್ಲಿರುವುದು ಎಡ ಕಿವಿಯ ಸ್ಪೀಕರ್. ಆ ಸ್ಪೀಕರ್‌ಗೆ ಬಾಯಿ ಹತ್ತಿರ ತಂದು ಜೋರಾಗಿ ಮಾತಾಡಿದರೆ ಕ್ಷೀಣ ಧ್ವನಿ ದಾಖಲಾಗಬಹುದು. ಹಾಗಾದರೆ ಕಂಪ್ಯೂಟರ್‌ನ ಮೈಕ್ ಜ್ಯಾಕ್ ಸರಿಯಿದೆ, ತಂತಿಯ ದಾರಿ ಮಾತ್ರ ತಪ್ಪಿದೆ ಎಂದು ತಿಳಿಯಬೇಕು.

ಹೆಡ್‌ಸೆಟ್ ಕೆಟ್ಟಿದೆಯೇ ಎಂಬುದನ್ನು ಮಲ್ಟಿಮೀಟರ್ ಹೇಳುತ್ತದೆ. 32 ಓಮ್‌ನ ಸಿಟಿಐಎ ಹೆಡ್‌ಸೆಟ್ ಒಂದನ್ನು ತೆಗೆದುಕೊಳ್ಳೋಣ. ತುದಿಗೂ 3ನೆಯ ಭಾಗಕ್ಕೂ ನಡುವೆ 32 ಓಮ್ ಆಸುಪಾಸು, 2ನೆಯದಕ್ಕೂ 3ನೆಯದಕ್ಕೂ ಅಷ್ಟೇ, ತುದಿಗೂ 2ನೆಯದಕ್ಕೂ 64ರ ಆಸುಪಾಸು ತೋರಬೇಕು. 3 ಮತ್ತು 4ನೆಯ ಭಾಗಗಳ ನಡುವೆ ಮೈಕ್ ಇರುವುದರಿಂದ ಅಲ್ಲಿ 1,000 ಓಮ್‌ಗಿಂತ ಹೆಚ್ಚು ಬರಬೇಕು. ಕರೆ ಸ್ವೀಕರಿಸುವ ಗುಂಡಿ ಒತ್ತಿದರೆ ಇದು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಫೋನ್ ಗುಂಡಿಯನ್ನು ಗುರುತಿಸುವುದೂ, ಮೈಕ್ ಇಲ್ಲದ ಟಿಆರ್‌ಎಸ್ ಪಿನ್ನನ್ನು ಗುರುತಿಸುವುದೂ ಈ ಅಳತೆಯಿಂದಲೇ.

64 ಎಂಬ ಅಂಕಿಗೆ ಇನ್ನೊಂದು ಅರ್ಥವಿದೆ. ಕೆಲವು ಹಸಿರು ಜ್ಯಾಕ್‌ಗಳ ಗ್ರೌಂಡ್ ಎಲೆ ಪಿನ್ನಿನ 3ನೆಯ ಭಾಗವನ್ನು ಮುಟ್ಟದೆ 4ನೆಯದನ್ನು ಮುಟ್ಟುತ್ತದೆ. ಆಗ ಎರಡೂ ಸ್ಪೀಕರ್‌ಗಳು ಸರಣಿಯಾಗಿ 64 ಓಮ್ ಆಗುತ್ತವೆ. ಎಡ, ಬಲ ಎರಡರಲ್ಲೂ ಸಮನಾಗಿರುವ ಗಾಯಕರ ಧ್ವನಿ ಬಹುಪಾಲು ಅಳಿದುಹೋಗಿ ಹಿನ್ನೆಲೆ ವಾದ್ಯಗಳಷ್ಟೇ ಕೇಳುತ್ತವೆ. ಕರೆಯ ಗುಂಡಿ ಒತ್ತಿ ಹಿಡಿದಾಗ ಧ್ವನಿ ಮರಳಿದರೆ ಕಾರಣ ಇದೇ.

ಇದಕ್ಕೆ ಪರಿಹಾರ ವೈ ಆಕಾರದ ಸ್ಪ್ಲಿಟರ್. ಬೆಲೆ ಸುಮಾರು 100ರಿಂದ 250 ರೂಪಾಯಿ. 1,500 ರೂಪಾಯಿಯ ಹೆಡ್‌ಸೆಟ್ ಇದ್ದವರಿಗೆ 150 ರೂಪಾಯಿಯ ಸ್ಪ್ಲಿಟರ್ ಎಂದರೆ ಶೇ. 10ರಷ್ಟು ಖರ್ಚು. ಆದರೆ ಕೊಳ್ಳುವಾಗ ಗೆರೆ ಎಣಿಸಲೇಬೇಕು. ಬೇಕಾದದ್ದು 1 ಹೆಣ್ಣು ಜ್ಯಾಕ್ ಮತ್ತು ತಲಾ 2 ಗೆರೆಯ 2 ಗಂಡು ಪಿನ್ ಇರುವುದು. 1 ಗಂಡು ಪಿನ್, 2 ಹೆಣ್ಣು ಜ್ಯಾಕ್ ಇರುವ ಸ್ಪ್ಲಿಟರ್‌ಗಳೂ ಅದೇ ಬೆಲೆಗೆ ಸಿಗುತ್ತವೆ. ಅವುಗಳಲ್ಲಿ ಒಂದು ಬಗೆ ಇಬ್ಬರು ಒಟ್ಟಿಗೆ ಹಾಡು ಕೇಳಲು, ಇನ್ನೊಂದು ಕಂಪ್ಯೂಟರ್ ಹೆಡ್‌ಸೆಟ್ಟನ್ನು ಫೋನಿಗೆ ಜೋಡಿಸಲು. ಎರಡೂ ಇಲ್ಲಿ ನಿರುಪಯುಕ್ತ. ಯುಎಸ್‌ಬಿ ಸೌಂಡ್ ಅಡಾಪ್ಟರ್ ಕೊಳ್ಳುವವರು 4 ಸಂಪರ್ಕದ ಒಂದೇ ಜ್ಯಾಕ್ ಇರುವುದನ್ನು ಕೇಳಬೇಕು. 2 ಜ್ಯಾಕ್‌ಗಳಿರುವುದಕ್ಕೆ ಮತ್ತೆ ಸ್ಪ್ಲಿಟರ್ ಬೇಕಾಗುತ್ತದೆ.

ಜೋಡಿಸಿದ ಮೇಲೆ ವಿಂಡೋಸ್‌ನಲ್ಲಿ `mmsys.cpl` ಎಂದು ಟೈಪ್ ಮಾಡಿ, `Recording` ವಿಭಾಗ ತೆರೆದು ಮಾತಾಡಿ. ಹಸಿರು ಪಟ್ಟಿ ಏರಿಳಿದರೆ ತಂತಿಯ ಕೆಲಸ ಮುಗಿಯಿತು. ಪಟ್ಟಿ ಕದಲದಿದ್ದರೆ ಹೊಸ ಹೆಡ್‌ಸೆಟ್ ಕೊಳ್ಳುವ ಮೊದಲು ಮೈಕ್‌ಗೆ ಮ್ಯೂಟ್ ಬಿದ್ದಿದೆಯೇ, ಸ್ಪ್ಲಿಟರ್‌ನ ಎರಡು ಪಿನ್‌ಗಳು ತಮ್ಮ ತಮ್ಮ ಬಣ್ಣದ ಜ್ಯಾಕ್‌ನಲ್ಲೇ ಇವೆಯೇ ಎಂದು ನೋಡಿ.