ಹಳೆಯ ಇಮೇಲ್‌ಗೆ ಹೋದ ತೆರಿಗೆ ನೋಟಿಸ್

ಆದಾಯ ತೆರಿಗೆ ನೋಟಿಸ್ ನನ್ನ ಹಳೆಯ ಇಮೇಲ್‌ಗೆ ಹೋಗಿ, ನನ್ನ ಮಾತು ಕೇಳದೆಯೇ ಆದೇಶವಾಗಿದೆ. ಅದನ್ನು ಹಿಂಪಡೆಯುವಂತೆ ಅಧಿಕಾರಿಗೇ ಅರ್ಜಿ ಕೊಡಬಹುದೇ?

ಕೊಟ್ಟರೂ ಫಲ ಕಡಿಮೆ. ಅಂಚೆ ಡಬ್ಬಿಗೆ ಹಾಕಿದ ಕಾಗದದಂತೆ, ಹೊರಬಿದ್ದ ಆದೇಶ ಅಧಿಕಾರಿಯ ಕೈದಾಟಿರುತ್ತದೆ. ಮೇಲ್ನೋಟಕ್ಕೇ ಕಾಣುವ ತಪ್ಪನ್ನಷ್ಟೇ ಅವರು ತಿದ್ದಬಲ್ಲರು. ಇಂಥ ಆದೇಶವನ್ನು ಅವರೇ ರದ್ದುಮಾಡುವ ಅವಕಾಶ 1961ರ ಕಾಯ್ದೆಯಲ್ಲಿ ಇತ್ತು, 1989ರಲ್ಲಿ ಹೋಯಿತು. ತೆಗೆಯಬಾರದಿತ್ತು.

ಈಗಿನ ದಾರಿ ಮೇಲ್ಮನವಿ. ಬೇಡಿಕೆ ನೋಟಿಸ್ ತಲುಪಿದ 30 ದಿನದೊಳಗೆ ಸಲ್ಲಿಸಬೇಕು. ತಡವಾದರೆ ಕಾರಣ ಬರೆದು ಮನ್ನಾ ಕೇಳಬೇಕು. ತೆರಿಗೆದಾರರ ಉತ್ತರವಿಲ್ಲದೆ ಅಧಿಕಾರಿ ತಮ್ಮ ಅಂದಾಜಿನ ಮೇಲೆ ಹೊರಡಿಸಿದ ಆದೇಶವನ್ನು ಮೇಲ್ಮನವಿ ಆಯುಕ್ತರು ರದ್ದುಪಡಿಸಿ ಮರುವಿಚಾರಣೆಗೆ ಕಳಿಸಲು 2024ರ ಅಕ್ಟೋಬರ್‌ನಿಂದ ಅವಕಾಶವಿದೆ.

ಹೊಸ ವಿಳಾಸ ಇಲಾಖೆಗೆ ಮೊದಲೇ ಗೊತ್ತಿತ್ತೇ ಎಂಬುದೇ ಮುಖ್ಯ. ನೋಟಿಸಿನ ದಿನಾಂಕಕ್ಕಿಂತ ಹಿಂದೆ ಸಲ್ಲಿಸಿದ ರಿಟರ್ನ್‌ನಲ್ಲಿ ಹೊಸ ಇಮೇಲ್ ಇದ್ದರೆ ಅದರ ಪ್ರತಿ ಲಗತ್ತಿಸಿ.