ಎದುರು ಐದೇ ಜನ ಇದ್ದರೆ ಬೋನಸ್ ಇಲ್ಲ

ಮಕ್ಕಳ ಕಬಡ್ಡಿ ಕಥೆಯೊಂದು ಹೀಗೆ ಮುಗಿಯುತ್ತದೆ ಎಂದುಕೊಳ್ಳಿ. ಅಂಕ ಸಮಸಮ, ಉಳಿದಿರುವುದು ಕೊನೆಯ ರೈಡ್. ಎದುರು ಅಂಕಣದಲ್ಲಿ ಐದು ಜನ ಹುಡುಗಿಯರು. ನಮ್ಮ ಚಂಪಾ ನುಗ್ಗುತ್ತಾಳೆ, ಅರ್ಧ ದಾರಿಯಲ್ಲಿ ಹಿಂದಿರುಗಿ ಗೆಳತಿಗೆ "ಹೆದರಬೇಡ ಕಣೇ, ನಾನಿದ್ದೀನಿ" ಎಂದು ಕೂಗುತ್ತಾಳೆ, ಬೋನಸ್ ಗೆರೆಯಾಚೆ ಎರಡೂ ಕಾಲೂರಿ ಗೆಲುವಿನ ಅಂಕ ತರುತ್ತಾಳೆ. ದೊಡ್ಡವರು ಓದಿ ಚೆನ್ನಾಗಿದೆ ಎನ್ನುತ್ತಾರೆ. ಶಾಲೆಯ ತಂಡದಲ್ಲಿ ಆಡುವ ಆರನೇ ತರಗತಿಯ ಹುಡುಗಿ ಮಾತ್ರ ಪುಸ್ತಕ ಮುಚ್ಚಿಡುತ್ತಾಳೆ. ಆ ನಾಲ್ಕು ಸಾಲುಗಳಲ್ಲಿ ಮೂರು ತಪ್ಪುಗಳಿವೆ, ಮೂರೂ ಅವಳಿಗೆ ಕಂಡಿವೆ.

ಬೋನಸ್ ಗೆರೆಗೆ ಬೆಲೆ ಬರುವುದು ಎದುರಾಳಿಗಳು ಆರು ಅಥವಾ ಏಳು ಜನ ಇದ್ದಾಗ ಮಾತ್ರ. ಐದಕ್ಕೆ ಇಳಿದರೆ ಗೆರೆ ನೆಲದ ಮೇಲಿರುತ್ತದೆ, ಅದನ್ನು ದಾಟಿದರೆ ಅಂಕವಿರುವುದಿಲ್ಲ. ಎರಡನೆಯದಾಗಿ, ಒಂದು ಪಾದ ಗೆರೆಯಾಚೆ ಬಿದ್ದಾಗ ಹಿಂದಿನ ಪಾದ ನೆಲ ಬಿಟ್ಟು ಗಾಳಿಯಲ್ಲಿರಬೇಕು. ಇನ್ನು ಮೂರನೆಯ ತಪ್ಪನ್ನು ಬರೆಯುವವರು ಮತ್ತೆ ಮತ್ತೆ ಮಾಡುತ್ತಾರೆ: ರೈಡಿಗೆ ಹೋದವಳು ಮಧ್ಯಗೆರೆ ದಾಟುವ ಮುಂಚಿನಿಂದ ಮರಳುವತನಕ "ಕಬಡ್ಡಿ, ಕಬಡ್ಡಿ" ಎನ್ನುತ್ತಲೇ ಇರಬೇಕು. ಬೇರೆ ಮಾತಾಡಿದರೆ ಆ ರೈಡ್ ಅಲ್ಲಿಗೇ ಮುಗಿಯಿತು. ಹಾಗಾಗಿ ಕಬಡ್ಡಿ ಕಥೆಯ ನಾಯಕಿಗೆ ಅತ್ಯಂತ ಮುಖ್ಯವಾದ ಮೂವತ್ತು ಸೆಕೆಂಡುಗಳಲ್ಲಿ ಸಂಭಾಷಣೆಯೇ ಇಲ್ಲ. ಅವಳ ಕಣ್ಣು ಎತ್ತ ಹೋಯಿತು, ತೂಕ ಯಾವ ಕಾಲಿನ ಮೇಲಿತ್ತು ಎಂಬುದನ್ನಷ್ಟೇ ಬರೆಯಬಹುದು. ಬರೆಯುವವರಿಗೆ ಇದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ.

ಕಥೆ ಸರಳವಾಗಿರಬೇಕು ಎಂದಾಗ ಹಲವರು ನಿಯಮವನ್ನು ಸಡಿಲಿಸುತ್ತಾರೆ. ಇನ್ನು ಕೆಲವರು ಎಲ್ಲ ನಿಯಮಗಳನ್ನೂ ಮೇಷ್ಟರ ಬಾಯಲ್ಲಿ ಒಂದು ಪುಟ ಹೇಳಿಸಿ ನಂತರ ಪಂದ್ಯ ಶುರುಮಾಡುತ್ತಾರೆ. ಎರಡೂ ಬೇಡ. ಒಂದೇ ಒಂದು ನಿಯಮವನ್ನು ಆರಿಸಿಕೊಂಡು ಕಥೆಯನ್ನೇ ಅದರಿಂದ ಹುಟ್ಟಿಸಬೇಕು. ಉಳಿದ ನಿಯಮಗಳು ಹಿನ್ನೆಲೆಯಲ್ಲಿ ಸರಿಯಾಗಿ ನಡೆಯುತ್ತಿರಲಿ, ಅವುಗಳ ವಿವರಣೆ ಬೇಕಿಲ್ಲ.

ಬೋನಸ್ ನಿಯಮವನ್ನೇ ತೆಗೆದುಕೊಳ್ಳೋಣ. ಚಂಪಾ ಸಣ್ಣಕ್ಕಿದ್ದಾಳೆ, ಯಾರನ್ನಾದರೂ ಮುಟ್ಟಿ ಎಳೆದಾಟದಿಂದ ಬಿಡಿಸಿಕೊಂಡು ಬರುವ ಬಲವಿಲ್ಲ. ಕಾಲು ಮಾತ್ರ ಉದ್ದ. ಅವಳಿಗೆ ಗೊತ್ತಿರುವುದು ಬೋನಸ್ ಒಂದೇ. ಇಲ್ಲಿ ಆಟದ ಒಳಗೇ ಒಂದು ಇಕ್ಕಟ್ಟು ಅಡಗಿದೆ. ಗೆಳತಿಯರು ಚೆನ್ನಾಗಿ ಆಡಿ ಎದುರಾಳಿಗಳನ್ನು ಔಟ್ ಮಾಡಿದಷ್ಟೂ ಎದುರಿನ ಸಂಖ್ಯೆ ಇಳಿಯುತ್ತದೆ, ಐದಕ್ಕೆ ಇಳಿದ ಕ್ಷಣ ಚಂಪಾಳ ಏಕೈಕ ವಿದ್ಯೆ ಕೆಲಸಕ್ಕೆ ಬಾರದಾಗುತ್ತದೆ. ಕಥೆಗೆ ಖಳನಾಯಕಿ ಬೇಡ, ಮೋಸ ಮಾಡುವ ರೆಫರಿ ಬೇಡ. ತಂಡ ಗೆಲ್ಲುತ್ತ ಹೋದಂತೆ ನಾಯಕಿಯ ಕಷ್ಟ ಹೆಚ್ಚುತ್ತದೆ.

ಈ ನಿಯಮವನ್ನು ಮಗುವಿಗೆ ಹೇಳುವುದು ಹೇಗೆ? ಪ್ರತಿ ರೈಡಿಗೆ ಮುಂಚೆ ಚಂಪಾ ಎದುರಿನವರನ್ನು ಎಣಿಸಲಿ. ಮೊದಲ ಸಲ ಏಳು, ಬೋನಸ್ ಸಿಕ್ಕಿತು. ಎರಡನೇ ಸಲ ಆರು, ಆಗಲೂ ಸಿಕ್ಕಿತು. ಮೂರನೇ ಸಲ ಎಣಿಸುವಾಗ ಐದಕ್ಕೆ ನಿಂತುಬಿಟ್ಟಿತು. ನಡುವೆ ಗೆಳತಿ ರೇಷ್ಮಾ "ಆರಿದ್ದರೆ ಗೆರೆ ನಿನ್ನದು, ಐದಾದರೆ ಅಲ್ಲ" ಎಂದು ಒಂದೇ ಸಾಲು ಹೇಳಿದ್ದರೆ ಸಾಕು. ಕಬಡ್ಡಿಯನ್ನೇ ನೋಡದ ಮಗುವಿಗೂ ಮೂರನೇ ಎಣಿಕೆಯಲ್ಲಿ ಎದೆ ಧಸಕ್ಕೆನ್ನುತ್ತದೆ.

ಈಗ ಲೆಕ್ಕ ಕೂಡಬೇಕು, ಕಥೆಗಳು ಎಡವುವುದು ಇಲ್ಲೇ. ಮುಟ್ಟಿದ್ದಕ್ಕೋ ಹಿಡಿದಿದ್ದಕ್ಕೋ ಅಂಕ ಬಂದರೆ ಆ ತಂಡದ ಔಟಾದವರಲ್ಲಿ ಒಬ್ಬರು ಅಂಕಕ್ಕೊಬ್ಬರಂತೆ ಒಳಬರುತ್ತಾರೆ. ಬೋನಸ್ ಅಂಕಕ್ಕೆ ಯಾರೂ ಒಳಬರುವುದಿಲ್ಲ. ಚಂಪಾಳ ತಂಡ 20, ಎದುರು ತಂಡ 22 ಎಂದು ಶುರುಮಾಡೋಣ. ನಮ್ಮವರು ಅಂಕಣದಲ್ಲಿ ಆರು, ಅವರು ಏಳು. ಚಂಪಾ ಬೋನಸ್ ತಂದಳು: 21–22. ಅವರ ರೈಡರನ್ನು ನಮ್ಮವರು ಹಿಡಿದರು: 22–22. ನಮ್ಮವಳೊಬ್ಬಳು ಒಳಬಂದು ನಾವು ಏಳಾದೆವು, ಅವರು ಆರು. ಚಂಪಾ ಮತ್ತೆ ಬೋನಸ್ ತಂದಳು, ಅವರೂ ಒಂದು ಬೋನಸ್ ತಂದರು: 23–23. ರೇಷ್ಮಾ ಒಬ್ಬಳನ್ನು ಮುಟ್ಟಿ ಬಂದಳು: 24–23, ಅವರು ಐದಕ್ಕಿಳಿದರು. ಅವರು ಮತ್ತೆ ಬೋನಸ್ ತಂದು 24–24 ಮಾಡಿದರು. ಬೋನಸ್ಸಾದ್ದರಿಂದ ಅವರ ಕಡೆ ಯಾರೂ ಒಳಬರಲಿಲ್ಲ, ಐದು ಐದಾಗಿಯೇ ಉಳಿಯಿತು. ಆ ರೈಡಿನಲ್ಲಿ ಅವರು ನಮ್ಮವಳನ್ನು ಮುಟ್ಟಿ ಹೋದರು ಎಂದು ಬರೆದಿದ್ದರೆ ಅವರ ಆರನೆಯವಳು ಒಳಬರುತ್ತಿದ್ದಳು, ಬೋನಸ್ ಗೆರೆ ಮತ್ತೆ ಜೀವ ಪಡೆಯುತ್ತಿತ್ತು, ಕಥೆ ಅಲ್ಲೇ ಕುಸಿಯುತ್ತಿತ್ತು.

ಈ ಅಂಕಗಳೆಲ್ಲ ಕಥೆಯಲ್ಲಿ ಬರಬೇಕಿಲ್ಲ. ಬರೆಯುವವರ ನೋಟ್‌ಬುಕ್ಕಿನಲ್ಲಿದ್ದರೆ ಸಾಕು, ಓದುವ ಮಗುವಿಗೆ "ಸಮ ಸಮ" ಎಂಬಷ್ಟೇ ಬೇಕು. ಸಮಯವನ್ನೂ ಅಲ್ಲೇ ನೋಡಿಕೊಳ್ಳಿ. ಕೊನೆಯದೂ ಸೇರಿ ಇವು ಏಳು ರೈಡುಗಳು, ಒಂದಕ್ಕೆ ಹೆಚ್ಚೆಂದರೆ ಮೂವತ್ತು ಸೆಕೆಂಡ್. "ಇನ್ನೊಂದೇ ನಿಮಿಷ" ಎಂದು ಶುರುಮಾಡಿ ಏಳು ರೈಡು ತುರುಕಿದರೆ ಆಡುವ ಮಕ್ಕಳು ನಂಬುವುದಿಲ್ಲ. ಮೂರು ನಿಮಿಷ ಎಂದರೆ ಹೊಂದುತ್ತದೆ. ಕೊನೆಯ ರೈಡ್ ನಡೆಯುತ್ತಿರುವಾಗ ಸಮಯ ಮುಗಿದರೂ ಅದನ್ನು ಪೂರ್ತಿಗೊಳಿಸಲು ಬಿಡುತ್ತಾರೆ, ಆದ್ದರಿಂದ ಸೀಟಿಯ ಆತಂಕವನ್ನು ಅಲ್ಲಿ ಕೃತಕವಾಗಿ ತರಬೇಕಾಗಿಲ್ಲ.

ಕೊನೆಯ ರೈಡಿನಲ್ಲಿ ಚಂಪಾ ಯಾರನ್ನಾದರೂ ಮುಟ್ಟಲೇಬೇಕು. ಅವಳಿಗೆ ದಿಢೀರನೆ ಬಲ ಬಂತು ಎಂದು ಬರೆದರೆ ಅದು ನಿಯಮ ಮುರಿದಷ್ಟೇ ಕೆಟ್ಟದ್ದು. ದಾರಿ ಹಿಂದಿನ ಎರಡು ರೈಡುಗಳಲ್ಲೇ ಸಿಗುತ್ತದೆ. ಎರಡು ಸಲವೂ ಅವಳು ಕಾಲು ಚಾಚಿದಾಗ ಮೂಲೆಯಲ್ಲಿದ್ದ ಹುಡುಗಿ ಹಿಮ್ಮಡಿ ಹಿಡಿಯಲು ಬಾಗಿದ್ದಳು, ಚೂರೇ ತಡವಾಗಿತ್ತು. ಮೂರನೇ ಸಲ ಚಂಪಾ ಅದೇ ಕಾಲು ಚಾಚುವಂತೆ ತೋರಿಸುತ್ತಾಳೆ. ಮೂಲೆಯವಳು ಅಭ್ಯಾಸಬಲದಿಂದ ಬಾಗುತ್ತಾಳೆ. ಚಂಪಾ ಕಾಲು ಹಿಂದೆಳೆದು ಅವಳ ಹೆಗಲು ಮುಟ್ಟಿ ಮಧ್ಯಗೆರೆಯತ್ತ ಓಡುತ್ತಾಳೆ. ಮುಟ್ಟಿದ ಕೂಡಲೇ ಅಂಕ ಸಿಗುವುದಿಲ್ಲ, ಗೆರೆ ಮುಟ್ಟಿ ಮರಳಿದರೆ ಮಾತ್ರ. ಹಾಗಾಗಿ ಕುತೂಹಲ ಇನ್ನೆರಡು ಸಾಲು ಉಳಿಯುತ್ತದೆ. ಆ ಎರಡು ಸಾಲುಗಳಲ್ಲಿ ಯಾರೂ ಅವಳ ಜಡೆ ಹಿಡಿದೆಳೆಯದಿರಲಿ. ಹಿಡಿಯಬೇಕಾದದ್ದು ಕೈಕಾಲನ್ನು ಇಲ್ಲವೇ ಸೊಂಟ, ಎದೆ, ಬೆನ್ನಿನ ಭಾಗವನ್ನು. ಜಡೆ ಹಿಡಿದರೆ ಅದು ತಪ್ಪು ಹಿಡಿತ, ರೈಡರ್ ಔಟಲ್ಲ.

ಹಳ್ಳಿಯ ಬಯಲಲ್ಲಿ, ಶಾಲೆಯ ಅಂಗಳದಲ್ಲಿ ಮಕ್ಕಳು ತಮ್ಮದೇ ಕಟ್ಟಳೆ ಹಾಕಿಕೊಂಡು ಆಡುತ್ತಾರೆ, ಬೋನಸ್ ಗೆರೆಯೇ ಇಲ್ಲದೆ ಆಡುವುದೂ ಉಂಟು. ಕಥೆ ಅಂಥ ಆಟದ್ದಾದರೆ ಕಟ್ಟಳೆಯನ್ನು ಮೊದಲ ಪುಟದಲ್ಲೇ ಮಕ್ಕಳ ಬಾಯಿಂದ ಹೇಳಿಸಿ, ಕೊನೆಯವರೆಗೂ ಅದಕ್ಕೆ ಬದ್ಧರಾಗಿರಿ. ಟೂರ್ನಿ, ರೆಫರಿ, ಅಂಕಫಲಕ ಬಂದ ಮೇಲೆ ಮಾತ್ರ ಅಧಿಕೃತ ನಿಯಮಗಳನ್ನೇ ಅನುಸರಿಸಬೇಕು. ಅಳತೆ ಬರೆಯುವುದಾದರೂ ಗಮನವಿರಲಿ: ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಹೆಂಗಸರದು 12 ಮತ್ತು 8. ಟೀವಿಯಲ್ಲಿ ಪ್ರೊ ಕಬಡ್ಡಿ ನೋಡಿ ಹುಡುಗಿಯರ ಕಥೆ ಬರೆಯುವವರು ಈ ವ್ಯತ್ಯಾಸ ಮರೆಯುವುದು ಸುಲಭ.

ಬರೆದಾದ ಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಕಣ ಎಳೆದು, ಅತ್ತ ಇತ್ತ ಏಳೇಳು ಹುಣಸೆಬೀಜ ಇಡಿ. ಒಬ್ಬರು ಕಥೆ ಓದಲಿ, ಇನ್ನೊಬ್ಬರು ಔಟಾದ ಬೀಜ ತೆಗೆಯುತ್ತ, ಒಳಬಂದ ಬೀಜ ಇಡುತ್ತ ಹೋಗಲಿ. ಕೊನೆಯ ರೈಡ್ ಬರುವಾಗ ಎದುರು ಐದು ಬೀಜ ಇಲ್ಲದಿದ್ದರೆ ಕಥೆಯಲ್ಲಿ ಎಲ್ಲೋ ಲೆಕ್ಕ ತಪ್ಪಿದೆ. ಆಮೇಲೆ ಪತ್ರಿಕೆಗೆ ಕಳಿಸುವ ಮುಂಚೆ ನಿಮ್ಮೂರ ಶಾಲೆಯ ಪಿ.ಟಿ. ಮೇಷ್ಟರಿಗೂ ತಂಡದಲ್ಲಿ ಆಡುವ ಒಂದು ಮಗುವಿಗೂ ದಯವಿಟ್ಟು ಓದಿ ಹೇಳಿ, ಅವರು ತಡೆದ ಕಡೆ ತಿದ್ದಿ.